ಕಾಮಣಿ ಹತ್ತಿದ ಫೋನು

ಸಾರಿಕಾಳಿಗೆ ಯಾವ ಫೋನು ಕೊಡಿಸಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಮೂರು ಸಭೆಗಳಾದವು. ಅವಳ ಅಕ್ಕನಿಗೆ ಗಂಡು ಗೊತ್ತು ಮಾಡುವಾಗ ಎರಡೇ ಸಭೆಯಲ್ಲಿ ಕೆಲಸ ಮುಗಿದಿತ್ತು. ಮೊದಲ ಸಭೆ ಫೋನು ಬೇಕೋ ಬೇಡವೋ ಎಂಬುದಕ್ಕೆ. ಎರಡನೆಯದು ಎಷ್ಟರೊಳಗೆ ಎಂಬುದಕ್ಕೆ. ಮೂರನೆಯದರಲ್ಲಿ ಯಾವುದು ಎಂದು ತೀರ್ಮಾನವಾಯಿತು. ಆ ಹೊತ್ತಿಗೆ ಸಾರಿಕಾ ಕಾಲೇಜಿನಲ್ಲಿದ್ದಳು. ಸಂಜೆ ಮನೆಗೆ ಬಂದಾಗ ಅವ್ವ ಚಹಾ ಕೊಟ್ಟು, "ನಿಮ್ಮಪ್ಪ ಭಾರೀ ಚಮಕಿನ ಫೋನು ನೋಡ್ಯಾರ. ನಿನ್ನ ಕಾಕಾನೂ ಹೂಂ ಅಂದಾನ" ಎಂದಳು. ಕಾಕಾ ಸಿಮೆಂಟಿನ ವ್ಯಾಪಾರಿ. ಅವನ ಬದುಕಿನಲ್ಲಿ ಬಣ್ಣ ಒಂದೇ.

ಸಾರಿಕಾಳ ಅಪ್ಪ ಚನ್ನವೀರಪ್ಪನದು ಸೋಲಾಪುರದ ಚಾಟಿ ಗಲ್ಲಿಯಲ್ಲಿ ಮ್ಯಾಚಿಂಗ್ ಸೆಂಟರ್. ನೆಲದಿಂದ ಮಾಳಿಗೆಯವರೆಗೆ ಬ್ಲೌಸ್ ಬಟ್ಟೆಯ ಥಾನುಗಳು. ಕೆಂಪಿನಲ್ಲೇ ಎಪ್ಪತ್ತು ಬಗೆ. ಸೀರೆ ತಂದು ಮುಂದಿಟ್ಟರೆ ಚನ್ನವೀರಪ್ಪ ಅದನ್ನು ಎತ್ತಿಕೊಂಡು ಬೀದಿಗೆ ಬಂದು, ಬಿಸಿಲಿಗೆ ಹಿಡಿದು, ಒಳಗೆ ಹೋಗಿ, ನೋಡದೆಯೇ ಕೈ ಹಾಕಿ ಸರಿಯಾದ ಥಾನು ಎಳೆಯುತ್ತಿದ್ದ. ಅಂಥ ಕಣ್ಣು ಗಲ್ಲಿಯಲ್ಲಿ ಇನ್ನೊಬ್ಬರಿಗಿಲ್ಲ ಎಂದು ಅವನ ವೈರಿಗಳೂ ಒಪ್ಪುತ್ತಿದ್ದರು. ಆದರೆ ಈಗೆರಡು ವರ್ಷದಿಂದ ಗಿರಾಕಿಗಳು ಸೀರೆ ತರುವುದನ್ನು ಬಿಟ್ಟು ಫೋಟೋ ಕಳಿಸತೊಡಗಿದ್ದರು. ಚನ್ನವೀರಪ್ಪನೂ ಬೀದಿಗಿಳಿಯುವುದನ್ನು ಬಿಟ್ಟ. ಗಾದಿಯ ಮೇಲೆ ಕುಳಿತು, ಟ್ಯೂಬ್‌ಲೈಟಿನ ಕೆಳಗೆ, ಮೊಬೈಲಿನ ಪಕ್ಕಕ್ಕೆ ಥಾನು ಹಿಡಿಯುವುದೇ ಅವನ ಹೊಸ ವಿದ್ಯೆಯಾಯಿತು. ಬ್ಲೌಸ್ ವಾಪಸು ಬಂದರೆ ದರ್ಜಿಯನ್ನು ಬೈದ. ದರ್ಜಿ ಸಾಲದಿದ್ದರೆ ಬಟ್ಟೆ ಒಗೆದ ನೀರನ್ನು ಬೈದ. ಮೊಬೈಲನ್ನು ಮಾತ್ರ ಬೈಯಲಿಲ್ಲ, ಅದು ತುಟ್ಟಿಯ ಸಾಮಾನು.

ಸಾರಿಕಾ ಜವಳಿ ವಿನ್ಯಾಸದ ಎರಡನೆಯ ವರ್ಷದಲ್ಲಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು, ಒಂದೇ ಚಿತ್ರ ಹನ್ನೆರಡರಲ್ಲಿ ಹನ್ನೆರಡು ಬಣ್ಣ ತೋರಿಸುತ್ತಿತ್ತು. ಹೀಗಾಗಿ ಎಲ್ಲರೂ ಫೋನಿನಲ್ಲೇ ಕೆಲಸ ಮಾಡುತ್ತಿದ್ದರು. ಕಳೆದ ಸಲ ಅವಳು ಇಟ್ಟಿಗೆ ಬಣ್ಣದ ಚಾದರದ ವಿನ್ಯಾಸ ಮಾಡಿದ್ದಳು. ಹಳೆಯ ಫೋನಿನಲ್ಲಿ ಕಣ್ಣು ಕುಕ್ಕುವ ಹಾಗಿತ್ತು. ಕಾಗದದ ಮೇಲೆ ಮುದ್ರಣವಾಗಿ ಬಂದಾಗ ಎಮ್ಮೆ ಹೊರಳಿದ ಕೆಸರಿನ ಹಾಗಿತ್ತು. ಕಾಲೇಜಿನಲ್ಲಿ ಬಣ್ಣವನ್ನು ಸರಿಯಾಗಿ ತೋರಿಸುತ್ತಿದ್ದ ಯಂತ್ರ ಪ್ರಿಂಟರ್ ಒಂದೇ, ಆದ್ದರಿಂದ ಅದನ್ನು ದೂರುವ ಹಾಗೂ ಇರಲಿಲ್ಲ. ಅತುಲ ಸರ್ ಆ ಹಾಳೆಯನ್ನು ಕಿಟಕಿಗೆ ಹಿಡಿದು, "ತಪ್ಪು ನಿನ್ನದಲ್ಲ, ನಿನ್ನ ಸ್ಕ್ರೀನು ಹೊಗಳುಭಟ್ಟ. ಆದರೆ ಮಾರ್ಕ್ಸ್ ನಿನಗೇ ಕಡಿಮೆ" ಎಂದಿದ್ದರು. ಡಿಸೆಂಬರಿನಲ್ಲಿ ಒಂದು ಟವೆಲ್ ಗಿರಣಿಯವರು ಬಂದು ಹಾಳೆಗಳನ್ನು ನೂಲಿನ ಪಕ್ಕ ಇಟ್ಟು ನೋಡಿ, ಇಬ್ಬರನ್ನು ಆರು ವಾರ ತಮ್ಮ ಡಿಸೈನ್ ವಿಭಾಗಕ್ಕೆ ಕರೆದುಕೊಳ್ಳುವವರಿದ್ದರು. ಸಾರಿಕಾಳಿಗೆ ಆ ಇಬ್ಬರಲ್ಲಿ ಒಬ್ಬಳಾಗಬೇಕಿತ್ತು. ಅದಕ್ಕೆ ಸುಳ್ಳು ಹೇಳದ ಸ್ಕ್ರೀನು ಬೇಕಿತ್ತು.

ಮರುದಿನ ಅಪ್ಪ ಮಗಳು ಶೈಲೇಶನ ಮೊಬೈಲ್ ಅಂಗಡಿಗೆ ಹೋದರು. ಶೈಲೇಶ ಚನ್ನವೀರಪ್ಪನ ಗೆಳೆಯನ ಮಗ. ಮೇಜಿನ ಮೇಲೆ ಸಾಲಾಗಿ ಫೋನುಗಳು. ಎಲ್ಲದರಲ್ಲೂ ಒಂದೇ ಗಿಳಿ ಹಾರುತ್ತಿತ್ತು, ಒಂದೇ ಕಲ್ಲಂಗಡಿ ಸೀಳುತ್ತಿತ್ತು.

"ಇದೇ ನೋಡ್ರಿ ಕಾಕಾ, ನಿಮ್ಮ ಚಮಕಿನ ಫೋನು. ನೂರಾ ಏಳು ಕೋಟಿ ಬಣ್ಣ! ಮನಷ್ಯಾನ ಕಣ್ಣಿಗೆ ಸುದ್ದಾ ಅಷ್ಟು ಕಾಣಂಗಿಲ್ಲ."

"ಕಾಣದ ಬಣ್ಣಕ್ಕ ರೊಕ್ಕಾ ಯಾಕಪಾ ಕೊಡೂದು?" ಎಂದ ಚನ್ನವೀರಪ್ಪ. ಆದರೆ ಕಣ್ಣು ಮಾತ್ರ ಗಿಳಿಯಿಂದ ಕೀಳಲಿಲ್ಲ.

"ಅದು ಒಂದು ಬಣ್ಣದಿಂದ ಇನ್ನೊಂದಕ್ಕ ಹೋಗೂ ಮೆಟ್ಟಿಲು ಎಷ್ಟು ಸಣ್ಣವು ಅನ್ನೂ ಲೆಕ್ಕ ಶೈಲೇಶಣ್ಣಾ. ಬಣ್ಣ ಬರೋಬರ್ ಅದನೋ ಇಲ್ಲೋ ಅನ್ನೂದು ಬ್ಯಾರೆ" ಎಂದಳು ಸಾರಿಕಾ.

"ಬರೋಬರ್ ಇಲ್ಲದ ಹೆಂಗ ಇರ್ತದ? ಇದರ ಗ್ಯಾಮಟ್ ನೋಡು, ನೂರಕ್ಕ ನೂರಾ ಹತ್ತು ಅದ. ನಿಮ್ಮ ಕಾಲೇಜಿನ್ಯಾಗ ಯಾರಿಗರೆ ನೂರಕ್ಕ ನೂರಾ ಹತ್ತು ಬಿದ್ದಾವೇನು?"

ಚನ್ನವೀರಪ್ಪ ಮಗಳ ಕಡೆ ತಿರುಗಿದ. "ಏನದು ಗ್ಯಾಮಟ್?"

ಸಾರಿಕಾ ಒಂದು ಕ್ಷಣ ಯೋಚಿಸಿದಳು. ಅತುಲ ಸರ್ ಬೋರ್ಡಿನ ಮೇಲೆ ಬರೆದ ಕುದುರೆ ಲಾಳದಂಥ ಚಿತ್ರವನ್ನು ಇಲ್ಲಿ ಬರೆದರೆ ಪ್ರಯೋಜನವಿರಲಿಲ್ಲ. "ಅಪ್ಪಾ, ನಮ್ಮ ಅಂಗಡ್ಯಾಗ ಎಷ್ಟು ನಮೂನಿ ಥಾನು ಅವ, ಅದು ಗ್ಯಾಮಟ್. ಗಿರಾಕಿ ಕೇಳಿದ ಥಾನೇ ಕೈಗೆ ಬಂತಂದ್ರ, ಅದು ಅಕ್ಯುರಸಿ. ದುಕಾನ ತುಂಬ ಮಾಲು ಇಟ್ಟು, ಡಾಳಿಂಬಿ ಬಣ್ಣ ಕೇಳಿದವರಿಗೆ ಕಡುಗುಲಾಬಿ ರಾಣಿ ಕೊಟ್ರ ಏನು ಉಪಯೋಗ? ಈ ಫೋನಿನ್ಯಾಗ ಮಾಲು ಭಾಳ ಅದ. ಆದ್ರ ಇದು ಯಾವ ಬಣ್ಣ ಕೇಳಿದ್ರೂ ಅದಕ್ಕಿಂತ ಭಡಕ್ ಇದ್ದದ್ದನ್ನೇ, ಕಣ್ಣು ಕುಕ್ಕೂದನ್ನೇ ಎಳಿತದ."

ಆಮೇಲೆ ಅವಳು ಫೋನಿನ ಸೆಟಿಂಗ್‌ಗೆ ಹೋದಳು. ಬಣ್ಣದ ವಿಭಾಗದಲ್ಲಿ ಇದ್ದವು ಎರಡೇ ಆಯ್ಕೆ: ವಿವಿಡ್, ಸೂಪರ್ ವಿವಿಡ್. ಅಂದರೆ ಸುಳ್ಳು ಮತ್ತು ಪ್ರಮಾಣ ಮಾಡಿ ಹೇಳುವ ಸುಳ್ಳು. ಪಕ್ಕದಲ್ಲಿದ್ದ ಎರಡನೆಯ ಫೋನನ್ನು ಎತ್ತಿಕೊಂಡಳು. ಬೆಲೆ ಹೆಚ್ಚು ಕಡಿಮೆ ಅಷ್ಟೇ. ಅದೂ ವಿವಿಡ್‌ನಲ್ಲೇ ಕೂತಿತ್ತು, ಆದರೆ ಒಳಗೆ ನ್ಯಾಚುರಲ್ ಎಂಬ ಮೂರನೆಯ ಆಯ್ಕೆ ಇತ್ತು. ಅದನ್ನು ಒತ್ತಿದಳು. ಗಿಳಿ ಸಪ್ಪಗಾಯಿತು, ಕಲ್ಲಂಗಡಿ ಬರೀ ಕಲ್ಲಂಗಡಿಯಾಯಿತು, ಹಿಂದಿನ ಬಿಳಿ ಕಾಮಾಲೆಯಾದವರ ಕಣ್ಣಿನಂತೆ ಹಳದಿಗೆ ತಿರುಗಿತು.

"ಅಯ್ಯೋ, ಇದಕ್ಕ ಕಾಮಣಿ ಆಗ್ಯದ!" ಎಂದ ಚನ್ನವೀರಪ್ಪ. "ಔಷಧ ಹಾಕಿಸಬೇಕು ಇದಕ್ಕ."

ಶೈಲೇಶ ನಕ್ಕ ನಗುವಿಗೆ ಚಹಾದವನೂ ಒಳಗೆ ಇಣುಕಿ ನೋಡಿದ.

"ಇದು ಹಳದಿ ಅಲ್ಲ ಅಪ್ಪಾ. ಇಷ್ಟೊತ್ತು ನೋಡಿದ ಬಿಳೀನೇ ನೀಲಿ ಇತ್ತು. ನೀಲಿ ಹಾಕಿ ಒಗದ ಧೋತರದ ಪಕ್ಕ ಸಾದಾ ಧೋತರ ಇಟ್ರ ಹೆಂಗ ಕಾಣ್ತದ, ಹಂಗ. ಐದು ಮಿನಿಟು ಇದನ್ನೇ ನೋಡ್ರಿ, ಕಣ್ಣು ಹೊಂದಿಕೋತದ."

ಐದು ಮಿನಿಟು ಯಾರೂ ನೋಡಲಿಲ್ಲ. ಸಾರಿಕಾ ಚೀಲದಿಂದ ಆರು ಬಟ್ಟೆಯ ತುಂಡುಗಳನ್ನು ತೆಗೆದಳು. ಅವುಗಳ ಬಣ್ಣವನ್ನು ಕಾಲೇಜಿನ ಬಣ್ಣ ಅಳೆಯುವ ಉಪಕರಣದಲ್ಲಿ ಅಳೆದು, ಆ ಅಂಕಿಗಳಿಂದ ಆರು ಚೌಕಗಳ ಚಿತ್ರ ಮಾಡಿಕೊಂಡಿದ್ದಳು. ಚಿತ್ರವನ್ನು ಎರಡೂ ಫೋನಿಗೆ ಹಾಕಿ, ಬಾಗಿಲ ಬೆಳಕಿಗೆ ಹೋಗಿ, ಸ್ಕ್ರೀನಿನ ಬಿಳಿ ತನ್ನ ಕೈಯ ಬಿಳಿ ಕಾಗದದಷ್ಟೇ ಬೆಳಗುವವರೆಗೆ ಬ್ರೈಟ್‌ನೆಸ್ ಇಳಿಸಿ, ಒಂದೊಂದೇ ತುಂಡನ್ನು ಪಕ್ಕಕ್ಕಿಟ್ಟಳು. ಕಾಮಣಿ ಫೋನಿನಲ್ಲಿ ಐದು ಕೂಡಿದವು, ನವಿಲು ಬಣ್ಣ ಮಾತ್ರ ಕೂದಲೆಳೆಯಷ್ಟು ತಪ್ಪಿತು. ಚಮಕಿನ ಫೋನಿನಲ್ಲಿ ಬೂದು ಒಂದೇ ಹತ್ತಿರ ಬಂತು, ಅದೂ ಚಳಿ ಹತ್ತಿದವರಂತೆ ನೀಲಿಗಟ್ಟಿತ್ತು.

"ಕಾರ್ಖಾನ್ಯಾಗ ಒಂದೊಂದು ಸ್ಕ್ರೀನನ್ನೂ ಯಂತ್ರಾ ಹಚ್ಚಿ ನೋಡಿ ತಿದ್ದತಾರ, ಅದಕ್ಕ ಕ್ಯಾಲಿಬ್ರೇಶನ್ ಅಂತಾರ. ತಪ್ಪು ಎಷ್ಟು ಉಳೀತು ಅನ್ನೂದಕ್ಕ ಡೆಲ್ಟಾ ಇ ಅಂತ ಒಂದು ಅಂಕಿ. ಎರಡರ ಕೆಳಗ ಇದ್ರ ಕಣ್ಣಿಗೆ ಗೊತ್ತಾಗೂದು ಕಠಿಣ. ಆದ್ರ ಆ ತಿದ್ದುಪಡಿ ಇರೂದು ನ್ಯಾಚುರಲ್ ಮೋಡಿನ್ಯಾಗ. ವಿವಿಡ್ ಒತ್ತಿದ್ರ ಅದೆಲ್ಲಾ ಗೋವಿಂದ" ಎಂದಳು.

"ಡಬ್ಬಿ ಮ್ಯಾಲ ಎರಡಕ್ಕೂ ಡೆಲ್ಟಾ ಇ ಒಂದರ ಕೆಳಗ ಅಂತ ಬರದದಲ್ಲ!" ಎಂದ ಶೈಲೇಶ.

"ಯಾವ ಮೋಡಿನ್ಯಾಗ, ಎಷ್ಟು ಫೋನು ಅಳದು, ಅಂತ ಬರದದೇನು?"

ಶೈಲೇಶ ಡಬ್ಬಿ ತಿರುಗಿಸಿ ನೋಡಿದ. ಡಬ್ಬಿಯ ಹಿಂದೆ ಗಿಳಿ ಇತ್ತು.

ಚನ್ನವೀರಪ್ಪನಿಗೆ ಮಗಳು ಬುದ್ಧಿವಂತೆ ಎಂದು ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಚಮಕಿನ ಫೋನು ಬಿಲ್ ಮಾಡಲು ಹೇಳಿದ. ಅಷ್ಟರಲ್ಲಿ ಅಕ್ಕಲಕೋಟದಿಂದ ಅವನ ಅಕ್ಕ ಕಸ್ತೂರಬಾಯಿಯ ಫೋನು ಬಂತು.

ಕಸ್ತೂರಬಾಯಿಯ ಮಗಳು ಪೂನಮಳ ಲಗ್ನ ಹತ್ತಿರ ಬಂದಿತ್ತು. ಮದುಮಗಳ ಹಿಂದೆ ಮುಂದೆ ಓಡಾಡುವ ಹನ್ನೊಂದು ಹೆಣ್ಣುಮಕ್ಕಳಿಗೆ ಒಂದೇ ಬಣ್ಣದ ಹನ್ನೊಂದು ಸೀರೆ ತಂದಿದ್ದರು. ಬ್ಲೌಸ್ ಪೀಸ್ ಇರಲಿಲ್ಲ.

"ಸೀರಿ ಕಳಸಕ್ಕಾ, ನೋಡಿ ಕೊಡ್ತೀನಿ."

"ಹುಚ್ಚ ಅದಿ ಏನು ತಮ್ಮಾ? ಬಸ್ತಾ ದೇವರ ಮುಂದ ಇಟ್ಟೀವಿ. ದೇವರ ಮುಂದ ಇಟ್ಟ ಲಗ್ನದ ಅರಿವಿ ಹಳದಿ ಹಚ್ಚೂತನಕ ಹೊಸ್ತಲಾ ದಾಟಂಗಿಲ್ಲ. ನಮ್ಮತ್ತಿ ಕಾಲದ್ದು ಪದ್ಧತಿ. ಫೋಟೋ ಕಳಸ್ತೀನಿ."

ಸಾರಿಕಾಳಿಗೆ ದಾರಿ ಕಂಡಿತು. "ಅಪ್ಪಾ, ಬಿಲ್ ಈಗ ಬ್ಯಾಡ. ಒಂದೇ ಫೋಟೋ, ಎರಡೂ ಫೋನಿನ್ಯಾಗ ನೋಡೂಣು. ನೀವು ಇದರಾಗ ಮ್ಯಾಚಿಂಗ್ ಮಾಡ್ರಿ, ನಾ ಅದರಾಗ ಮಾಡ್ತೀನಿ. ಅಕ್ಕಲಕೋಟಕ್ಕ ಹೋಗಿ ಸೀರಿ ಮ್ಯಾಲ ಇಡೂಣು. ಯಾರದು ಕೂಡ್ತದ, ಆ ಫೋನು."

ಬಣ್ಣದಲ್ಲಿ ಚನ್ನವೀರಪ್ಪನಿಗೆ ಸವಾಲು ಹಾಕಿದವರು ಮೂವತ್ತು ವರ್ಷದಲ್ಲಿ ಯಾರೂ ಇರಲಿಲ್ಲ. ಅವನು ಒಪ್ಪಿದ. ಶೈಲೇಶ ಡೆಮೋ ಫೋನು ಎರಡನ್ನೂ ಸೋಮವಾರದವರೆಗೆ ಕೊಟ್ಟ.

ಮೊದಲು ಬಂದ ಫೋಟೋ ದೇವರ ಕೋಣೆಯಲ್ಲಿ ತೆಗೆದದ್ದು. ಕೆಂಪು ಝೀರೋ ಬಲ್ಬಿನ ಬೆಳಕಿನಲ್ಲಿ ಬೆಳ್ಳಿಯ ಬಸವಣ್ಣನೂ ತಾಮ್ರದವನಾಗಿದ್ದ. ಸಾರಿಕಾ ಪೂನಮಳಿಗೆ ಫೋನು ಮಾಡಿದಳು.

"ಪೂನಮಕ್ಕಾ, ನಡುಮನಿ ಒಳಗಿನ ಅಂಗಳದಾಗ ಬಿಸಲು ನೇರ ಬೀಳದ ಜಾಗಾದಾಗ ಇಡು. ಪಕ್ಕಕ್ಕ ಒಂದು ಬಿಳಿ ಕಾಗದ. ಹೊಸ್ತಲಾ ದಾಟಿಸಬ್ಯಾಡ."

"ಫಿಲ್ಟರ್ ಯಾವುದು ಹಾಕ್ಲಿ?"

"ಯಾವುದೂ ಬ್ಯಾಡ."

"ಫಿಲ್ಟರ್ ಇಲ್ಲದ ಕಳಸಬೇಕಾ?" ಪೂನಮಳ ದನಿಯಲ್ಲಿ, ತಲೆ ಬಾಚದೆ ಪೇಟೆಗೆ ಹೋಗು ಎಂದರೆ ಬರುವಂಥ ಸಂಕೋಚವಿತ್ತು. ಆದರೂ ಕಳಿಸಿದಳು. ಸಾರಿಕಾ ಬಿಳಿ ಕಾಗದ ಬಿಳಿಯಾಗಿಯೇ ಕಾಣುವಂತೆ ಫೋಟೋವನ್ನು ತಿದ್ದಿ ಎರಡೂ ಫೋನಿಗೆ ಹಾಕಿದಳು.

ಕಾಮಣಿ ಫೋನಿನಲ್ಲಿ ಸೀರೆ ಒಣಗಿದ ದಾಳಿಂಬೆ ಸಿಪ್ಪೆಯ ಕೆಂಪು. ಚಮಕಿನ ಫೋನಿನಲ್ಲಿ ಉರಿಯುವ ರಾಣಿ ಬಣ್ಣ. ಚನ್ನವೀರಪ್ಪ ಗಾದಿಯ ಮೇಲೆ ಕುಳಿತು ಎಪ್ಪತ್ತು ಕೆಂಪುಗಳಲ್ಲಿ ಒಂದನ್ನು ಎಳೆದು, ಹನ್ನೊಂದು ಪೀಸ್ ಕತ್ತರಿಸಿಯೇ ಬಿಟ್ಟ. ಸಾರಿಕಾ ತನ್ನ ಥಾನನ್ನು ಬೀದಿಯ ಬೆಳಕಿನಲ್ಲಿ ಆರಿಸಿದಳು. ಕತ್ತರಿ ಕೇಳಿದ್ದಕ್ಕೆ ಅಪ್ಪ, "ಅದಕ್ಕ ಕತ್ತರಿ ಹಚ್ಚಬ್ಯಾಡ. ವಾಪಸ್ ಬರೂ ಮಾಲು ಅದು" ಎಂದ.

ಭಾನುವಾರ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋದರು. ಕಸ್ತೂರಬಾಯಿ ಕೈಕಾಲು ತೊಳೆದುಕೊಂಡು ಸೀರೆಯೊಂದನ್ನು ದೇವರ ಮುಂದಿನಿಂದ ಎತ್ತಿ ನಡುಮನೆಯ ಅಂಗಳಕ್ಕೆ ತಂದಳು. ಸಾರಿಕಾ ಥಾನಿನ ತುದಿಯನ್ನು ಸೆರಗಿನ ಮೇಲೆ ಹಾಸಿದಳು. ಸೀರೆ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಎಂದು ಬೆರಳಿನಿಂದ ಹುಡುಕಬೇಕಾಯಿತು. ಚನ್ನವೀರಪ್ಪ ತನ್ನ ಪೀಸ್ ಇಟ್ಟ. ಹೆಣದ ಮನೆಗೆ ಬ್ಯಾಂಡಿನವರು ಬಂದಂತಾಯಿತು.

ಚನ್ನವೀರಪ್ಪ ತನ್ನ ಪೀಸ್ ಎತ್ತಿಕೊಂಡ. ಬಟ್ಟೆಯನ್ನು ತಿರುವಿದ, ಆಕಾಶ ನೋಡಿದ, ಮತ್ತೆ ಬಟ್ಟೆ ನೋಡಿದ. ಎರಡು ವರ್ಷದಿಂದ ಬೈದ ದರ್ಜಿಗಳೆಲ್ಲ ಸಾಲಾಗಿ ಕಣ್ಣ ಮುಂದೆ ನಿಂತಂತೆ ಅವನ ಮುಖ ಸಣ್ಣದಾಯಿತು. "ನೀ ಗೆದ್ದಿ" ಎಂದು ಮೆಲ್ಲಗೆ ಹೇಳಿದ.

ಸಾರಿಕಾಳ ಆನಂದ ಒಂದು ಮಿನಿಟು ಬಾಳಿತು. ಪೂನಮ ಬಗ್ಗಿ ನೋಡಿ ಮೂಗು ಮುರಿದಳು.

"ಇದೇನು ಕಿಟ್ಟದಂಥ ಬಣ್ಣ? ನನ್ನ ಮೊಬೈಲಿನ್ಯಾಗ ಸೀರಿ ಹಿಂಗಿಲ್ಲ." ಮೊಬೈಲು ತೆಗೆದು ಸೀರೆಯ ಪಕ್ಕ ಹಿಡಿದಳು. ಅದೂ ವಿವಿಡ್. ಚನ್ನವೀರಪ್ಪನ ಪೀಸು ಮೊಬೈಲಿಗೆ ಅವಳಿ ಮಗುವಿನಂತೆ ಹೊಂದಿತು. "ನೋಡವ್ವಾ, ಮಾಮಾನ ಪೀಸ್ ಬರೋಬರ್ ಅದ."

"ಪೂನಮಕ್ಕಾ, ಮೊಬೈಲಿಗೆ ಬ್ಲೌಸ್ ಹೊಲಸ್ತೀಯೋ, ಸೀರಿಗೋ?" ಎಂದಳು ಸಾರಿಕಾ.

"ಲಗ್ನ ಆದ ಮ್ಯಾಲ ಸೀರಿ ಯಾರು ನೋಡ್ತಾರ? ಫೋಟೋನೇ ನೋಡೂದು. ಮತ್ತ ಹನ್ನೊಂದು ಮಂದಿಗೂ ಗ್ರೂಪಿನ್ಯಾಗ ಫೋಟೋ ಹಾಕೀನಿ. ಎಲ್ಲಾರೂ ಅದಕ್ಕ ಹೊಂದೂ ಬಳಿ ತಗೊಂಡಾರ."

ಬಳೆಯ ಸುದ್ದಿ ಬಂದದ್ದೇ ಕಸ್ತೂರಬಾಯಿ ಆ ಹನ್ನೊಂದು ಮಂದಿಯಲ್ಲಿ ಪಕ್ಕದ ಮನೆಯ ಇಬ್ಬರನ್ನು ಬಳೆ ಸಮೇತ ಕರೆಸಿದಳು. ಒಬ್ಬಳ ಬಳೆ ರಾಣಿ ಬಣ್ಣ. ಇನ್ನೊಬ್ಬಳ ಫೋನು ಅಗ್ಗದ್ದು, ಅವಳ ಬಳೆ ಕೇಸರಿಗೆ ತಿರುಗಿದ ಕೆಂಪು. ಇಬ್ಬರೂ ತಮ್ಮ ತಮ್ಮ ಮೊಬೈಲಿನ ಪಕ್ಕ ಬಳೆ ಹಿಡಿದು, ತಾವು ತಂದದ್ದೇ ಸರಿ ಎಂದು ತೋರಿಸಿದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಕೊನೆಗೆ ಎಲ್ಲರ ಕಣ್ಣೂ ಅಂಗಳದ ನಡುವೆ ಬಿದ್ದಿದ್ದ, ಯಾರ ಮೊಬೈಲಿಗೂ ಹೊಂದದ ಸೀರೆಯ ಮೇಲೆ ನಿಂತವು. ಪಂಚರ ಮುಂದೆ ಸಾಕ್ಷಿಯಿಲ್ಲದೆ ನಿಂತ ಬಡವನ ಸ್ಥಿತಿ ಅದಕ್ಕೆ ಬಂದಿತ್ತು.

"ಸೀರೀನೇ ತಪ್ಪು ಬಂದದ" ಎಂದು ಕಸ್ತೂರಬಾಯಿ ತೀರ್ಪು ಕೊಟ್ಟಳು.

"ಅತ್ತೀ, ಇದು ನೀವೇ ಅಂಗಡ್ಯಾಗ ಕೈಯಾರೆ ಆರಿಸಿದ ಸೀರಿ."

"ಆವಾಗ ನಮಗೇನು ಗೊತ್ತಿತ್ತು? ಫೋಟೋ ತಗದ ಮ್ಯಾಲ ಅಲ್ಲೇನು ಖರೆ ಬಣ್ಣ ತಿಳದದ್ದು?"

ಸೀರೆ ವಾಪಸು ಮಾಡೋಣವೆಂದರೆ ದೇವರ ಮುಂದಿಟ್ಟ ಅರಿವೆ ಹೊಸ್ತಿಲು ದಾಟುವಂತಿಲ್ಲ. ಕಸ್ತೂರಬಾಯಿ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ಕುಳಿತು ದಾರಿ ಹುಡುಕಿದಳು. ಚನ್ನವೀರಪ್ಪನ ಪೀಸಿಗೆ ಹೊಂದುವ ರಾಣಿ ಬಣ್ಣದ ಹನ್ನೊಂದು ಹೊಸ ಸೀರೆ ತರುವುದು. ಈ ಹನ್ನೊಂದನ್ನು ಲಗ್ನದ ದಿನ ಗಂಡಿನ ಕಡೆಯ ಹೆಣ್ಣುಮಕ್ಕಳಿಗೆ ಉಡುಗೊರೆಯ ಆಹೇರಿ ಮಾಡುವುದು.

"ಬೀಗರಿಗೆ ಫೋಟೋ ಹೋಗಿಲ್ಲ. ಅವರಿಗೆ ಏನು ಗೊತ್ತಾಗ್ತದ?" ಎಂದಳು. "ತಮ್ಮಾ, ಸೀರಿ ನಿಮ್ಮ ಗಲ್ಲ್ಯಾಗಿಂದ ನೀನೇ ತರಸಿ ಕೊಡು, ನಿನ್ನ ಲಾಭಾ ಹಿಡದು ರೊಕ್ಕಾ ತಗೋ. ಮತ್ತ ಸಾರಿಕಾ, ಆ ನಿನ್ನ ಕಿಟ್ಟದ ಥಾನೂ ಇಲ್ಲೇ ಬಿಡು. ಬೀಗರ ಸೀರಿಗೆ ಬೇಕಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಚನ್ನವೀರಪ್ಪ ಸೋತವನಂತೆ ಕಾಣಲಿಲ್ಲ. ಕಿಟಕಿಯ ಗಾಳಿಗೆ ಮುಖ ಒಡ್ಡಿ ಕುಳಿತಿದ್ದ. ಸಾರಿಕಾಳಿಗೆ ಆ ಮುಖದ ಅರ್ಥ ಚೆನ್ನಾಗಿ ಗೊತ್ತಿತ್ತು. ಅದು ಮಾಲು ಖಾಲಿಯಾದ ದಿನದ ಮುಖ.

"ನೀ ಗೆದ್ದಿ ಖರೆ" ಎಂದು ಶುರು ಮಾಡಿದ. "ಆದ್ರ ಧಂದಾ ಆದದ್ದು ಚಮಕಿನ ಫೋನಿನಿಂದ. ನಿನ್ನ ಕಾಮಣಿ ಫೋನು ಒಂದು ಥಾನು ಮಾರತು. ನಂದು ಹನ್ನೊಂದು ಪೀಸು ಮಾರಿ, ಮ್ಯಾಲ ಹನ್ನೊಂದು ಸೀರಿ ಮಾರತು. ನಾಳೆ ಚಮಕಿಂದೇ ತರೂಣು. ನಿನ್ನ ಕಾಲೇಜಿಗೂ ಆತು, ದುಕಾನಕ್ಕೂ ಆತು."

ಡಿಸೆಂಬರಿನ ಹಾಳೆ, ಗಿರಣಿಯವರು, ಕೆಸರಿನ ಇಟ್ಟಿಗೆ ಎಲ್ಲ ಒಟ್ಟಿಗೆ ಸಾರಿಕಾಳ ಕಣ್ಣ ಮುಂದೆ ಬಂದವು. ನ್ಯಾಯ ಹೇಳಿ ಉಪಯೋಗವಿಲ್ಲ, ನ್ಯಾಯವನ್ನು ಅಂಗಳದಲ್ಲಿ ಹಾಸಿ ತೋರಿಸಿ ಆಗಿತ್ತು. ಅವಳು ಅಪ್ಪನ ಭಾಷೆಯಲ್ಲಿ ಹುಡುಕಿದಳು.

"ಅಪ್ಪಾ, ಪೂನಮಕ್ಕನ ಫೋನು, ನಿಮ್ಮ ಚಮಕಿನ ಫೋನು ಎರಡೂ ಒಂದೇ ನಮೂನಿ ಸುಳ್ಳು ಹೇಳಿದ್ವು. ಅದು ನಸೀಬ. ಆ ಕೇಸರಿ ಬಳಿಯಾಕಿ ಗಿರಾಕಿ ಆಗಿ ಬಂದಿದ್ರ ಏನು ಮಾಡ್ತಿದ್ರಿ?"

"ಆಕಿಗೆ ಆಕಿ ಫೋನಿನ್ಯಾಗ ಕಂಡಂಗ ಕೊಡ್ತಿದ್ದೆ."

"ಆಕಿ ಫೋನಿನ್ಯಾಗ ಹೆಂಗ ಕಾಣ್ತದ ಅಂತ ಇಲ್ಲಿ ಕೂತು ನಿಮಗ ಹೆಂಗ ಗೊತ್ತಾಗ್ತದ? ಚಮಕಿನ ಫೋನಿಗೆ ತನ್ನ ಸುಳ್ಳು ಒಂದೇ ಗೊತ್ತು. ಮೊದಲ ಖರೆ ಬಣ್ಣ ಯಾವುದು ಅಂತ ಕಾಣಬೇಕು. ಆಮ್ಯಾಲ ಯಾರ ಫೋನು ಯಾವ ಕಡೆ ಎಷ್ಟು ಜಗ್ಗತದ ಅಂತ ಲೆಕ್ಕ ಹಾಕಬಹುದು. ಗಲ್ಲ್ಯಾಗ ಯಾರ ಹತ್ರನೂ ಆ ಲೆಕ್ಕ ಇಲ್ಲ."

ಬಸ್ಸು ಒಂದು ತಗ್ಗು ಹಾರಿತು, ಇನ್ನೊಂದು ಹಾರಿತು.

"ನಮ್ಮ ಮುತ್ಯಾ ಕಿರಾಣಿ ಮಾಡ್ತಿದ್ದ" ಎಂದ ಚನ್ನವೀರಪ್ಪ. "ಅವನ ಪಕ್ಕದ ದುಕಾನದವ ಕಳ್ಳ ತೂಕದ ಕಲ್ಲು ಇಟ್ಟಿದ್ದ. ಆದ್ರ ಒಂದು ಖರೆ ಕಲ್ಲು ಒಳಗ ಸಂದೂಕಿನ್ಯಾಗ ಇರ್ತಿತ್ತಂತ. ಅದಿಲ್ಲದ ತಾ ಎಷ್ಟು ಕಳವು ಮಾಡಾಕತ್ತೀನಿ ಅಂತ ಅವಗೇ ತಿಳೀತಿರಲಿಲ್ಲ."

ಸೋಮವಾರ ಶೈಲೇಶ ಎರಡು ಫೋನಿನ ಬಿಲ್ ಮಾಡಿದ. ಚಮಕಿನದು ಗಾದಿಯ ಮೇಲೆ ಗಿರಾಕಿಗಳ ಎದುರು ಕೂತಿತು. ಕಾಮಣಿ ಫೋನು ಸಾರಿಕಾಳಿಗೆ. ಷರತ್ತು ಎರಡು: ಸಂಜೆ ಎರಡು ತಾಸು ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಇರಬೇಕು, ಮತ್ತು ಆ ಫೋನನ್ನು ಗಿರಾಕಿಗಳ ಕಣ್ಣಿಗೆ ಬೀಳಿಸಬಾರದು. "ದುಕಾನಕ್ಕೇ ಕಾಮಣಿ ಆಗ್ಯದ ಅಂತಾರ" ಎಂದ ಅಪ್ಪ.

ಹಿಂದಿನ ಕೋಣೆಗೆ ಒಂದು ಕಿಟಕಿ ಇತ್ತು. ಅಲ್ಲೇ ಕುಳಿತು ಸಾರಿಕಾ ಇಟ್ಟಿಗೆ ಬಣ್ಣದ ಚಾದರವನ್ನು ಮೊದಲಿನಿಂದ ಮಾಡಿದಳು. ಕಾಲೇಜಿನ ಪ್ರಿಂಟರಿನಿಂದ ಹಾಳೆ ಬಂದ ದಿನ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಮೇಲೆ ನೂಲಿನ ಎಳೆ ಹಾಸಿ, ಒಂದು ಕಣ್ಣು ಮುಚ್ಚಿ ನೋಡಿದಳು. ಎರಡು ಕಣ್ಣಿಂದಲೂ ನೋಡಿದಳು. ಎಳೆ ಹಾಳೆಯಲ್ಲಿ ಮುಳುಗಿ ಹೋಗಿತ್ತು. ಆ ಇಬ್ಬರಲ್ಲಿ ಒಬ್ಬಳೆಂದು ಗಿರಣಿಯವರು ಅವಳ ಹೆಸರು ಬರೆದುಕೊಂಡ ಸುದ್ದಿಯೂ ಡಿಸೆಂಬರಿನಲ್ಲಿ ಅದೇ ಕೋಣೆಗೆ ಬಂತು. ಅವಳು ಅದನ್ನು ಹೇಳಲು ಎದ್ದು ಪರದೆ ಸರಿಸಿದಳು. ಅಪ್ಪ ಒಬ್ಬ ಗಿರಾಕಿಯ ಮೊಬೈಲನ್ನು ಕೈಯಲ್ಲಿ ಹಿಡಿದು, ಅವಳ ಕಡೆಗೇ ಚಾಚಿ ನಿಂತಿದ್ದ.

"ಬಂದಿ? ಇವರದು ಎಷ್ಟು ಸುಳ್ಳು ಹೇಳ್ತದ, ನೋಡಿ ಹೇಳು."